ಗೆರೆ ಅಳಿಸಿದ ನೆಲ

ಹೆತ್ತವರು ಇಟ್ಟ ಹೆಸರು ಆಫೀಸಿನ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಉಳಿದಂತೆ ಎಲ್ಲರ ಬಾಯಲ್ಲೂ ಅವಳು ನೆಲದಕ್ಕ. ಇನ್ನೂ ಕಟ್ಟದ ಮನೆಯ ಕೋಣೆಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಕಿಟಕಿಯಿಂದ ಬಿಸಿಲು ಬಿಟ್ಟು, ಫೋಟೊ ತೆಗೆದ ಹಾಗೆ ಚಿತ್ರ ಮಾಡಿಕೊಡುವುದು ಅಲ್ಲಿನ ಕೆಲಸ. ಒಬ್ಬ ಸೋಫಾ ಮೇಜು ನೋಡಿಕೊಂಡರೆ ಇನ್ನೊಬ್ಬಳು ಪರದೆ, ದೀಪ, ಹೂದಾನಿ. ನೆಲ ಬಂತೆಂದರೆ ಅದು ಇವಳ ಮೇಜಿಗೇ ಬರಬೇಕು. ಅದರಲ್ಲೂ ರೆಡ್ ಆಕ್ಸೈಡಿನ ಕೆಂಪು ನೆಲವನ್ನು ಅವಳಂತೆ ಮಾಡುವವರು ಇರಲಿಲ್ಲ. ಬೇರೆಯವರು ಮಾಡಿದ್ದು ಕೆಂಪು ಪ್ಲಾಸ್ಟಿಕ್ ಹಾಳೆ ಹಾಸಿದಂತೆ ಕಾಣುತ್ತಿತ್ತು. ಅವಳದ್ದು ಕಂಡರೆ ಚಪ್ಪಲಿ ಬಿಟ್ಟು ಒಳಗೆ ಹೋಗೋಣ ಅನಿಸುತ್ತಿತ್ತು.

ಅದರಲ್ಲಿ ಗುಟ್ಟೇನೂ ಇರಲಿಲ್ಲ. ಅವಳಪ್ಪ ಮತ್ತು ಚಿಕ್ಕಪ್ಪ ನೆಲದ ಮೇಸ್ತ್ರಿಗಳು. ಅಣ್ಣ ತಮ್ಮಂದಿರಿಬ್ಬರೂ ಮೂವತ್ತೈದು ವರ್ಷ ಒಂದೇ ಬಾಂಡ್ಲಿಯಲ್ಲಿ ಗಾರೆ ಕಲೆಸಿದವರು. ಅಪ್ಪ ಕರಣೆ ಹಿಡಿದು ಎಳೆಯುತ್ತಿದ್ದ, ಚಿಕ್ಕಪ್ಪ ಹಿಂದೆ ಕೂತು ನುಣುಪು ಕಲ್ಲಿನಲ್ಲಿ ತಿಕ್ಕುತ್ತಿದ್ದ. ಇಬ್ಬರ ಮಂಡಿಯೂ ಒಂಟೆಯ ಮಂಡಿಯಂತೆ ಜಡ್ಡುಗಟ್ಟಿತ್ತು. ಬಾಡಿಗೆ ಮನೆಯಾದರೂ ಅವರ ನಡುಮನೆಯ ಕೆಂಪು ನೆಲ ಅವರೇ ಹಾಕಿದ್ದು. ಅವಳು ಅಂಬೆಗಾಲಿಕ್ಕಿದ್ದು, ಬರೆಯಲು ಕಲಿತದ್ದು, ಜ್ವರ ಬಂದಾಗ ಕೆನ್ನೆ ಒತ್ತಿ ಮಲಗಿದ್ದು ಎಲ್ಲ ಆ ನೆಲದ ಮೇಲೆಯೇ. ಓಡಾಡುವ ದಾರಿಯಲ್ಲಿ ಅದು ಹೊಳೆಯುತ್ತದೆ, ಮೂಲೆಯಲ್ಲಿ ಮಂಕು. ಮೇಲಿಂದ ನೋಡಿದರೆ ಏನೂ ಕಾಣದು, ದೂರದಿಂದ ಓರೆಯಾಗಿ ನೋಡಿದರೆ ಕಿಟಕಿಯ ಬೆಳಕು ಉದ್ದಕ್ಕೆ ಒರೆಸಿದಂತೆ ಚಾಚಿಕೊಳ್ಳುತ್ತದೆ. ಕಿಟಕಿ ಅಂತ ಗೊತ್ತಾಗುತ್ತದೆ, ಸರಳುಗಳನ್ನು ಎಣಿಸಲಾಗದು. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಂಪ್ಯೂಟರಿನಲ್ಲಿ ಒರಟುತನದ ಅಳತೆಯನ್ನು ಎಷ್ಟಕ್ಕಿಟ್ಟರೆ ಆ ಬೆಳಕು ಹಾಗೆ ಹರಡುತ್ತದೆ ಎಂಬುದಷ್ಟೇ ಕಲಿಯಬೇಕಾಗಿದ್ದು.

ಹೀಗಿರುವಾಗ ಒಂದು ದೊಡ್ಡ ಮನೆಯ ಕೆಲಸ ಬಂತು. ಆರ್ಕಿಟೆಕ್ಟ್ ಮೇಡಂ, ಅಂದರೆ ಆಫೀಸಿನ ಒಡತಿ, ನಡುಹಜಾರಕ್ಕೆ ಕೆಂಪು ನೆಲ ಎಂದು ತೀರ್ಮಾನಿಸಿದ್ದರು. ಮೂವತ್ತೆರಡು ಅಡಿ ಉದ್ದ, ಹದಿನೆಂಟು ಅಡಿ ಅಗಲ, ನಡುವೆ ಒಂದು ಚೌಕದ ಕಂಬ. ನೆಲದಕ್ಕ ನಾಲ್ಕು ದಿನ ಕೂತು ಚಿತ್ರ ಮಾಡಿದಳು. ನಾಲ್ಕು ನಾಲ್ಕು ಅಡಿಗೆ ಎರಡು ಮಿಲಿಮೀಟರಿನ ಗಾಜಿನ ಪಟ್ಟಿ, ನೆಲದ ಮಟ್ಟಕ್ಕೆ ಸಮನಾಗಿ. ಆ ಗೆರೆಗಳಿಗೇ ಒಂದಿಡೀ ದಿನ ಹಿಡಿಯಿತು. ದಪ್ಪ ಮಾಡಿದರೆ ಟೈಲ್ಸ್ ಆಗಿಬಿಡುತ್ತದೆ. ಸರಿಯಾದ ಅಳತೆಗೆ ಇಟ್ಟರೆ, ಚಿತ್ರದ ಸಣ್ಣ ಸಣ್ಣ ಚುಕ್ಕೆ ಒರೆಸಿ ಶುಚಿ ಮಾಡುವ ಫಿಲ್ಟರ್ ಇದೆಯಲ್ಲ, ಅದು ದೂರದ ಗೆರೆಗಳನ್ನೂ ಕಸವೆಂದುಕೊಂಡು ಗುಡಿಸಿ ಹಾಕುತ್ತದೆ. ಅದಕ್ಕೇ ಆ ಫಿಲ್ಟರನ್ನು ಆದಷ್ಟು ತಗ್ಗಿಸಿ, ಚಿತ್ರವನ್ನು ಎರಡರಷ್ಟು ದೊಡ್ಡದಾಗಿ ಮಾಡಿ ಆಮೇಲೆ ಕುಗ್ಗಿಸಿ, ಗೆರೆ ಕಂಡೂ ಕಾಣದ ಹಾಗೆ ಉಳಿಸಿಕೊಂಡಳು.

ಮನೆಯ ಯಜಮಾನರು ಆಫೀಸಿಗೆ ಬಂದು ಚಿತ್ರ ನೋಡಿದರು. ನೆಲವೇಕೆ ಗೆರೆ ಹೊಡೆದ ನೋಟ್‌ಬುಕ್ಕಿನಂತಿದೆ, ಇಷ್ಟು ಮಂಕೇಕೆ, ಹಳೆಯ ಸರ್ಕಾರಿ ಆಸ್ಪತ್ರೆಯ ನೆನಪಾಗುತ್ತದೆ ಎಂದರು. ಮೇಡಂ ಅವಳ ಕುರ್ಚಿಯ ಹಿಂದೆ ಬಂದು ನಿಂತರು. ಗೆರೆ ತೆಗೆದುಬಿಡಿ, ಹೊಳಪು ಸ್ವಲ್ಪ ಏರಿಸಿ, ಅವರು ಇಲ್ಲೇ ಇದ್ದಾರೆ, ಈಗಲೇ ತೋರಿಸೋಣ ಎಂದು ಮೆಲ್ಲಗೆ ಹೇಳಿದರು.

ನೆಲದಕ್ಕ ಹೇಳಬಹುದಿತ್ತು. ಗೆರೆ ಅಲಂಕಾರಕ್ಕಲ್ಲ, ಸಿಮೆಂಟು ಒಣಗುವಾಗ ಕುಗ್ಗುತ್ತದೆ, ಕುಗ್ಗಲು ಜಾಗ ಬೇಕು ಎಂದು ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಅವಳಿಗೆ ಗೊತ್ತಿತ್ತು. ಹೇಳಲಿಲ್ಲ. ಚಿತ್ರ ತಾನೆ, ಕಟ್ಟುವಾಗ ಪಟ್ಟಿ ಇಟ್ಟೇ ಇಡುತ್ತಾರೆ ಅಂದುಕೊಂಡಳು. ಗೆರೆಗಳ ಲೇಯರ್ ಮುಚ್ಚಿದಳು, ಒರಟುತನವನ್ನು ಹೆಚ್ಚುಕಮ್ಮಿ ಸೊನ್ನೆಗೆ ಇಳಿಸಿದಳು. ಹಜಾರದ ತುಂಬ ಕೆಂಪು ನೀರು ನಿಂತಂತಾಯಿತು. ಕಿಟಕಿಯ ಸರಳುಗಳೆಲ್ಲ ತಲೆಕೆಳಗಾಗಿ ಒಳಗೆ ಇಳಿದವು. ಯಜಮಾನರು ಅದನ್ನು ಮೊಬೈಲಿನಲ್ಲಿ ಹೆಂಡತಿಗೆ ಕಳಿಸಿದರು. ಮೇಡಂ ಅವಳ ಭುಜ ತಟ್ಟಿದರು. ಆ ಚಿತ್ರ ಆಫೀಸಿನ ಬಾಗಿಲಲ್ಲಿ ಚೌಕಟ್ಟು ಹಾಕಿಸಿಕೊಂಡು ಕೂತಿತು.

ಈ ನೆಲ ಹಾಕಲು ಈಗ ಯಾರು ಸಿಗುತ್ತಾರೆ ಎಂಬ ಪ್ರಶ್ನೆ ಬಂದಾಗ ಅವಳೇ ಬಾಯಿಬಿಟ್ಟು, ನಮ್ಮಪ್ಪ ಹಾಕುತ್ತಾನೆ ಎಂದಳು. ಎರಡು ವರ್ಷದಿಂದ ಅಣ್ಣತಮ್ಮಂದಿರಿಗೆ ಸರಿಯಾದ ಕೆಲಸವಿರಲಿಲ್ಲ. ಎಲ್ಲ ಕಡೆಯೂ ಟೈಲ್ಸ್.

ಅಪ್ಪ ಸೈಟಿಗೆ ಹೋಗಿ ಬಂದ ದಿನ ಸಂಜೆ ಕೈಕಾಲು ತೊಳೆದು, ಕಾಫಿ ಲೋಟ ಹಿಡಿದು ಅವಳ ಪಕ್ಕ ಕೂತ. ಗೋಡೆಗೆ ಅಂಟಿಸಿದ್ದ ಚಿತ್ರ ನೋಡಿದೆ, ನಿನ್ನದಂತೆ, ಮೇಡಂ ಹೇಳಿದರು ಎಂದ. ಅವನ ಮುಖದಲ್ಲಿ ಹೆಮ್ಮೆ ಇತ್ತು, ಅದರ ಬೆನ್ನಿಗೇ ಇನ್ನೊಂದೂ ಇತ್ತು.

"ಪಟ್ಟಿ ಎಲ್ಲೂ ಕಾಣಲಿಲ್ಲವಲ್ಲ ಮಗಳೇ. ಮೇಡಂನ ಕೇಳ್ದೆ. ಚಿತ್ರದಲ್ಲಿರೋ ಹಾಗೆ ಮಾಡಿ ಅಂದ್ರು. ಚಿತ್ರ ಮಾಡಿದೋಳು ನೀನು. ನೀನೇನಂತೀಯ?"

ಬಿಸಿ ತುಪ್ಪದ ಸ್ಥಿತಿ ಅವಳದ್ದು, ನುಂಗುವಂತಿಲ್ಲ, ಉಗುಳುವಂತಿಲ್ಲ. ತಾನೇ ಅಳಿಸಿದೆ ಎಂದರೆ ನಾಳೆ ಅಪ್ಪ ಹೋಗಿ ಮೇಡಂ ಮುಂದೆ ಪಟ್ಟು ಹಿಡಿಯುತ್ತಾನೆ. ಯಜಮಾನರು ಸಿಡುಕುತ್ತಾರೆ. ಅಪ್ಪನ ಕೆಲಸವೂ ಹೋಗುತ್ತದೆ, ತನ್ನ ಕೆಲಸದ ಮೇಲೂ ಕಣ್ಣು ಬೀಳುತ್ತದೆ. "ಅವ್ರಿಗೆ ಹಾಗೇ ಬೇಕಂತೆ ಅಪ್ಪಾ," ಎಂದಳು. "ನೀನು ಮನಸ್ಸು ಮಾಡಿದ್ರೆ ಆಗಲ್ವಾ?"

ಅಪ್ಪ ಲೋಟ ಕೆಳಗಿಟ್ಟ. "ನೋಡೋಣ" ಎಂದ.

ಚಿಕ್ಕಪ್ಪನಿಗೆ ಸುತರಾಂ ಮನಸ್ಸಿರಲಿಲ್ಲ. ಮೂವತ್ತೆರಡು ಅಡಿ ಒಂದೇ ಎಳೆತಕ್ಕೆ ಎಳೆಯುವುದೆಂದರೆ ಹುಲಿಯ ಬಾಲ ಹಿಡಿದಂತೆ, ಬಿಟ್ಟರೂ ಕಷ್ಟ ಹಿಡಿದರೂ ಕಷ್ಟ ಎಂದ. ಅಣ್ಣ ಕೇಳಲಿಲ್ಲ. ಹುಡುಗಿಯ ಚಿತ್ರ, ಅದರಂತೆ ಬರಬೇಕು ಎಂದ. ಕೆಲಸದವರನ್ನು ಕಟ್ಟಿಕೊಂಡು ಬೆಳಕು ಹರಿಯುವ ಹೊತ್ತಿಗೆ ಶುರು ಮಾಡಿ, ಹೊತ್ತು ಮುಳುಗುವುದರೊಳಗೆ ಹಜಾರ ಪೂರ್ತಿ ಎಳೆದರು. ಚಿತ್ರದಲ್ಲಿರುವ ಹೊಳಪು ಬರಬೇಕೆಂದು ಅಪ್ಪ ಮೇಲಿನ ಪದರಕ್ಕೆ ಸಿಮೆಂಟು ಹೆಚ್ಚು ಹಾಕಿದ, ಕರಣೆಯನ್ನೂ ಹೆಚ್ಚು ಎಳೆದ. ಎರಡೂ ತಪ್ಪೆಂದು ಅವನಿಗೆ ಗೊತ್ತಿತ್ತು. ಆ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ವಾರಕ್ಕೆ ಬದಲು ಮೂರು ವಾರ ನೆಲದ ಮೇಲೆ ನೀರು ಕಟ್ಟಿ ನಿಲ್ಲಿಸಿದ. ಬಳಿಕ ಚಿಕ್ಕಪ್ಪ ಹದಿಮೂರು ದಿನ ಕಲ್ಲಿನಲ್ಲಿ ತಿಕ್ಕಿದ, ಮೇಣ ಹಚ್ಚಿದ. ಕಡೆಗೆ ನೆಲ ಹೆಚ್ಚುಕಮ್ಮಿ ಚಿತ್ರದಂತೆಯೇ ಬಂತು. ನೆಲದಕ್ಕ ಹೋಗಿ ನೋಡಿದಳು. ಒಂದು ಕ್ಷಣ ಅವಳಿಗೂ, ಅಪ್ಪ ಗೆದ್ದ ಅನಿಸಿತು.

ಬೇಸಿಗೆಯ ಬಿಸಿಲು ಏರಿದಾಗ ಬಿರುಕು ಬಂತು. ಮೊದಲು ಕಂಬದ ಮೂಲೆಯಿಂದ ಕಿಟಕಿಯ ಕಡೆಗೆ ಓರೆಯಾಗಿ ಒಂದು. ಆಮೇಲೆ ಅದರ ಮೈಯಿಂದ ಕವಲು. ತಿಂಗಳೊಳಗೆ ಹಜಾರದ ತುಂಬ ಜೇಡನ ಬಲೆಯಂತೆ ಕೂದಲೆಳೆ ಸೀಳುಗಳು. ಗುಡಿಸಿದ ಧೂಳು ಅವುಗಳೊಳಗೆ ಕೂತು ಒಂದೊಂದೂ ಕಪ್ಪಾಗಿ ಎದ್ದು ಕಂಡಿತು.

ಯಜಮಾನರು ಎಲ್ಲರನ್ನೂ ಕರೆಸಿದರು. ಮೇಡಂ, ಅಪ್ಪ, ಚಿಕ್ಕಪ್ಪ, ಚಿತ್ರದ ಸುರುಳಿ ಕೈಯಲ್ಲಿ ಹಿಡಿದುಕೊಂಡು ನೆಲದಕ್ಕ. ಹಜಾರದಲ್ಲಿ ಕೂರಲು ಕುರ್ಚಿಗಳಿದ್ದರೂ ಯಾರೂ ಕೂರಲಿಲ್ಲ. ಇಷ್ಟು ದೊಡ್ಡ ನೆಲಕ್ಕೆ ನಡುವೆ ಸಂದು ಬಿಡಬೇಕಿತ್ತಂತೆ, ನಿನ್ನೆ ಬಂದು ನೋಡಿದ ಇನ್ನೊಬ್ಬ ಮೇಸ್ತ್ರಿ ಹೇಳಿದ, ಯಾಕೆ ಬಿಡಲಿಲ್ಲ ಎಂದು ಯಜಮಾನರು ಕೇಳಿದರು. ಮೇಡಂ ತಡಮಾಡದೆ, ಅನುಭವಸ್ಥ ಮೇಸ್ತ್ರಿಗಳಾದವರು ನಮಗೆ ತಿಳಿಸಬೇಕಿತ್ತು, ನಾವು ಚಿತ್ರ ಕೊಡುತ್ತೇವೆ, ಕೈಕೆಲಸದ ಮರ್ಮ ಅವರಿಗೇ ಗೊತ್ತಿರಬೇಕು ಎಂದರು.

ಚಿಕ್ಕಪ್ಪನ ಮುಖ ಕೆಂಪಗಾಯಿತು. "ಅಣ್ಣಾ, ನೀನು ಕೇಳಿದ್ಯಲ್ಲ ಅವರನ್ನ. ಹೇಳು."

ಅಪ್ಪ ಒಮ್ಮೆ, ಒಂದೇ ಒಮ್ಮೆ, ಮಗಳ ಕಡೆ ನೋಡಿದ. ಅವಳು ಕೈಯಲ್ಲಿದ್ದ ಸುರುಳಿಯನ್ನು ನೋಡುತ್ತಿದ್ದಳು.

"ನನ್ನ ಕೈ ತಪ್ಪು ಸ್ವಾಮಿ," ಎಂದ ಅಪ್ಪ. "ಸಿಮೆಂಟು ಜಾಸ್ತಿಯಾಯ್ತು. ಲೆಕ್ಕ ತಪ್ತು. ಚಿತ್ರದ್ದೇನೂ ತಪ್ಪಿಲ್ಲ."

"ಅಣ್ಣಾ—"

"ನೀನು ಸುಮ್ನಿರೋ."

ಮೂವತ್ತೈದು ವರ್ಷದಲ್ಲಿ ಅಣ್ಣ ತಮ್ಮನಿಗೆ ಹೊರಗಿನವರ ಮುಂದೆ ಹಾಗೆ ಹೇಳಿದ್ದು ಅದೇ ಮೊದಲು. ಚಿಕ್ಕಪ್ಪ ತಿರುಗಿ ನೋಡದೆ ಹೊರಗೆ ಹೋದ.

ನೆಲವನ್ನು ಒಡೆದು ತೆಗೆಯುವುದೂ ಅಪ್ಪನ ಪಾಲಿಗೇ ಬಂತು. ಹಾಕಿದವರೇ ತೆಗೆಯಲಿ ಎಂದಿದ್ದರು ಯಜಮಾನರು. ಚಿಕ್ಕಪ್ಪ ಬರಲಿಲ್ಲ. ಅಪ್ಪ ಒಬ್ಬನೇ ಸುತ್ತಿಗೆ ಉಳಿ ಹಿಡಿದು ಒಂಬತ್ತು ದಿನ ಒಡೆದ. ಕೊನೆಯ ದಿನ ಅವಳು ಅರ್ಧ ದಿನ ರಜೆ ಹಾಕಿ ಊಟದ ಡಬ್ಬಿ ತೆಗೆದುಕೊಂಡು ಹೋದಳು. ತಲೆ, ರೆಪ್ಪೆ, ಮೀಸೆ ಎಲ್ಲ ಕೆಂಪು ಧೂಳು ಮೆತ್ತಿ ಅವನ ಗುರುತೇ ಸಿಗುತ್ತಿರಲಿಲ್ಲ. ತನ್ನ ಕೆಲಸವನ್ನು ತಾನೇ ಒಡೆಯುವ ಮನುಷ್ಯನಿಗೆ ಅಷ್ಟೊಂದು ಅಚ್ಚುಕಟ್ಟು ಏಕೆ ಬೇಕಿತ್ತೋ, ಚೂರುಗಳನ್ನೆಲ್ಲ ಅಳತೆ ನೋಡಿ ಜೋಡಿಸಿಟ್ಟಿದ್ದ. ಅವಳು ಡಬ್ಬಿ ಬಿಚ್ಚಿ ಕೊಟ್ಟು, "ಗೆರೆ ಅಳಿಸಿದ್ದು ನಾನು ಅಪ್ಪಾ. ಮೊದಲು ಇಟ್ಟಿದ್ದೆ, ಆಮೇಲೆ ನಾನೇ ತೆಗ್ದೆ," ಎಂದಳು.

"ಗೊತ್ತು," ಎಂದ ಅಪ್ಪ. "ನನ್ನ ಮಗಳು ಗೆರೆ ಇಲ್ದೆ ನೆಲ ಬರೀತಾಳಾ?" ಅಷ್ಟು ಹೇಳಿ ಊಟ ಮಾಡಿದ. ಬೈದಿದ್ದರೇ ಚೆನ್ನಾಗಿತ್ತು ಎಂದು ಅವಳಿಗನಿಸಿತು.

ಆಮೇಲೆ ಅಪ್ಪನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಬಿರುಕಿನ ಸುದ್ದಿ ಗಾರೆಯವರ ಬಾಯಿಂದ ಬಾಯಿಗೆ ನೆಲಕ್ಕಿಂತ ನುಣುಪಾಗಿ ಜಾರಿತು. ಚಿಕ್ಕಪ್ಪನನ್ನೂ ಕರೆಯಲಿಲ್ಲ, ಒಂದೇ ಕೈಯ ಎರಡು ಬೆರಳು ಅವರು. ಅವನು ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಆದ. ಮನೆಗೆ ಬರುವುದನ್ನು ಬಿಟ್ಟ.

ನೆಲದಕ್ಕ ಅವನ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡಳು. ಅವಳ ಎಣಿಕೆ ಬೇರೆಯಿತ್ತು. ತಪ್ಪು ನನ್ನದೆಂದರೆ ಅಣ್ಣತಮ್ಮಂದಿರು ಒಂದಾಗುತ್ತಾರೆ ಅಂದುಕೊಂಡಿದ್ದಳು. ಚಿಕ್ಕಪ್ಪ ಯೂನಿಫಾರ್ಮಿನ ಗುಂಡಿ ಹೊಲಿಯುತ್ತಾ ಕೂತಿದ್ದ. ಸೂಜಿ ನಿಲ್ಲಿಸಲಿಲ್ಲ.

"ಇದು ಅಣ್ಣನಿಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತಂತೆ ಚಿಕ್ಕಪ್ಪಾ."

"ಅಣ್ಣನ ಕೈಯೇ ಕೆಟ್ಟಿತೇನೋ, ಅದಕ್ಕೇ ತಪ್ಪು ಒಪ್ಪಿಕೊಂಡ ಅಂದುಕೊಂಡಿದ್ದೆ. ವಯಸ್ಸಾಯ್ತು ಅಂತ ಸಮಾಧಾನ ಮಾಡಿಕೊಂಡಿದ್ದೆ," ಎಂದ ಅವನು. "ಹಾಗಾದ್ರೆ ಕೈ ಕೆಟ್ಟಿರಲಿಲ್ಲ. ನಿನ್ನ ಉಳಿಸೋಕೆ ನನ್ನ ಹೆಸರನ್ನೂ ಸೇರಿಸಿ ಕೊಟ್ಟುಬಿಟ್ಟ. ಕೊಡೋ ಮುಂಚೆ ನನ್ನ ಒಂದು ಮಾತು ಕೇಳಬಹುದಿತ್ತು. ನಾನೂ ಹೂಂ ಅಂತಿದ್ದೆನೇನೋ."

ಅವನು ದಾರ ಹಲ್ಲಿನಲ್ಲಿ ಕಚ್ಚಿ ಕತ್ತರಿಸಿ, ಡ್ಯೂಟಿಗೆ ಹೊತ್ತಾಯಿತು ಎಂದ. ಹುಣ್ಣು ಮಾಯಿಸಲು ಹೋದವಳು ಗೀರಿ ಬಂದಿದ್ದಳು.

ಅದಾಗಿ ಒಂದೂವರೆ ವರ್ಷಕ್ಕೆ ಒಂದು ಶಾಲೆಯ ಕೆಲಸ ಬಂತು. ಪ್ರವೇಶದ ದೊಡ್ಡ ಹಾಲಿಗೆ ಟೆರಾಜೊ ನೆಲ. ಮೇಡಂ ಟೆರಾಜೊ ಎನ್ನುತ್ತಿದ್ದುದನ್ನೇ ಅಪ್ಪ ಮೊಸಾಯಿಕ್ ಎನ್ನುತ್ತಿದ್ದ. ಮೇಡಂ ಒಪ್ಪಿದ್ದರಿಂದ ಆ ವಾರ ನೆಲದಕ್ಕ ಮನೆಯಲ್ಲೇ ಕೂತು ಕೆಲಸ ಮಾಡಿದಳು. ಎರಡನೇ ದಿನ ಹಿಂದೆ ಯಾರೋ ಉಸಿರಾಡಿದಂತಾಗಿ ತಿರುಗಿದರೆ ಅಪ್ಪ. ಕೆಲಸ ನಿಂತ ಮೇಲೆ ಅವನು ನೆಲದ ಮಾತೇ ಎತ್ತಿರಲಿಲ್ಲ.

"ಈ ಕರೀ ಕಲ್ಲು," ಎಂದು ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟ. "ಇಲ್ಲೂ ಇದೆ, ಅಲ್ಲೂ ಇದೆ, ಅಗೋ ಅಲ್ಲೂ ಇದೆ. ಒಂದೇ ಕಲ್ಲು ಮೂರು ಕಡೆ ಹೇಗೆ ಬಂತು?"

ಒಂದೇ ತುಣುಕು ಚಿತ್ರವನ್ನು ಪಕ್ಕಪಕ್ಕಕ್ಕೆ ಜೋಡಿಸಿದ್ದಳು, ಅದು ಅವನ ಕಣ್ಣಿಗೆ ಬಿದ್ದಿತ್ತು. ಅಪ್ಪ ಮುಕ್ಕಾಲಿ ಎಳೆದುಕೊಂಡು ಕೂತ. ಅವಳು ಚಿತ್ರವನ್ನು ದೊಡ್ಡದು ಮಾಡಿ ಹಿತ್ತಾಳೆ ಪಟ್ಟಿಗಳನ್ನು ಹತ್ತಿರದಿಂದ ತೋರಿಸಿದಾಗ ಅವನಿಗೆ ನಗು ಬಂತು. ತುಂಬ ದಿನದ ಮೇಲೆ ಬಂದ ನಗು.

"ಈ ಕಲ್ಲು ಪಟ್ಟಿ ದಾಟಿ ಆ ಕಡೆ ಹೋಗಿದೆಯಲ್ಲ. ಇದೇನು ಬೇಲಿ ಹಾರೋ ಹಸುವಾ? ಪಟ್ಟಿ ನಿಲ್ಲಿಸಿದ ಮೇಲೆ ತಾನೆ ಗಾರೆ ಸುರಿಯೋದು?"

ಅವನು ಹೇಳಿದ್ದನ್ನೆಲ್ಲ ಅವಳು ಮಾಡಿದಳು. ಒಂದೊಂದು ಅಂಕಣಕ್ಕೂ ಕಲ್ಲುಗಳನ್ನು ಬೇರೆಬೇರೆಯಾಗಿ ಚೆಲ್ಲಿ, ಪಟ್ಟಿಯ ಅಂಚಿಗೆ ನಿಲ್ಲಿಸಿದಳು. ಅಮೃತಶಿಲೆಯ ಚೂರಿಗೆ ಹೊಳಪು ಒಂದು ತೂಕ ಹೆಚ್ಚು, ನಡುವಿನ ಸಿಮೆಂಟಿಗೆ ಒಂದು ತೂಕ ಕಡಿಮೆ. ತಿಕ್ಕುವ ಯಂತ್ರ ಗೋಡೆಯ ಬುಡಕ್ಕೆ ಹೋಗುವುದಿಲ್ಲ, ಅಲ್ಲಿ ಕೈಯಲ್ಲೇ ತಿಕ್ಕಬೇಕು, ಹಾಗಾಗಿ ಗೋಡೆಯ ಅಂಚಿನ ಒಂದು ಗೇಣು ಮಂಕಾಗಿರಬೇಕು. ಪಟ್ಟಿ ಎಲ್ಲ ಕಡೆ ಹೊಳೆಯುವುದಿಲ್ಲ, ಕಿಟಕಿಯ ಬೆಳಕು ಬಿದ್ದಲ್ಲಿ ಚಿನ್ನದ ಎಳೆ, ಉಳಿದ ಕಡೆ ಕಪ್ಪು ಎಳೆ. ಐದು ದಿನ ಅಪ್ಪ ಮಗಳು ಹಾಗೆ ಕೂತರು. ಚಿತ್ರ ಮುಗಿದಾಗ ಅಪ್ಪ ಬಹಳ ಹೊತ್ತು ನೋಡಿ, "ಇದನ್ನ ಅವನು ನೋಡಬೇಕಿತ್ತು," ಎಂದ. ಯಾರು ಎಂದು ಅವಳು ಕೇಳಲಿಲ್ಲ.

ಮೇಡಂ ಚಿತ್ರ ನೋಡಿ, ಚೆನ್ನಾಗಿದೆ, ಆದರೆ ಪಟ್ಟಿಗಳು ಕಣ್ಣಿಗೆ ಅಡ್ಡ ಬರುತ್ತವೆ, ತೆಗೆಯಿರಿ ಎಂದರು.

"ತೆಗೆಯೋಲ್ಲ ಮೇಡಂ," ಎಂದಳು ನೆಲದಕ್ಕ. "ತೆಗೆದ್ರೆ ನೆಲ ಬಿರುಕು ಬಿಡುತ್ತೆ."

ಮೇಡಂ ಜಗಳವಾಡಲಿಲ್ಲ. ಫೈಲನ್ನು ಪರದೆ ದೀಪ ಮಾಡುವ ಹುಡುಗಿಯ ಮೇಜಿಗೆ ಕಳಿಸಿದರು. ಅವಳು ಎರಡೇ ನಿಮಿಷದಲ್ಲಿ ತೆಗೆದುಕೊಟ್ಟಳು. ಎಷ್ಟು ಸುಲಭ ಎಂದು ನೆಲದಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ನೆಲದ ಕೆಲಸ ಶುರುವಾದ ಬೆಳಿಗ್ಗೆ ಅವಳು ಆಫೀಸಿಗೆ ಹೋಗದೆ ಸೀದಾ ಶಾಲೆಯ ಸೈಟಿಗೆ ಹೋದಳು. ಅಲ್ಲಿನ ಮೇಸ್ತ್ರಿ ಗುರುತಿಲ್ಲದವನು, ಅವಳಿಗಿಂತ ಚಿಕ್ಕವನು. ಗೋಡೆಯ ಮೇಲಿನ ಚಿತ್ರ ತೋರಿಸಿ, ಇದರಲ್ಲಿ ಪಟ್ಟಿಯಿಲ್ಲ, ಮೇಡಂ ಇದರಂತೆಯೇ ಮಾಡಿ ಎಂದಿದ್ದಾರೆ ಎಂದ. ಅವನ ಮುಖದಲ್ಲೂ ಅಪ್ಪನ ಆ ದಿನದ ಅನುಮಾನವೇ ಇತ್ತು.

"ಚಿತ್ರ ಮಾಡಿದೋಳು ನಾನೇ," ಎಂದಳು. "ಇದು ಸುಳ್ಳು ಚಿತ್ರ. ನಿಜವಾದ್ದು ಇಲ್ಲಿದೆ." ತಾನು ತಂದಿದ್ದನ್ನು ಬಿಚ್ಚಿ ಅದರ ಪಕ್ಕದಲ್ಲೇ ಅಂಟಿಸಿದಳು. ಆಮೇಲೆ ಶಾಲೆಯ ಕಡೆಯ ಎಂಜಿನಿಯರನ್ನು ಹುಡುಕಿ, ಕೆಂಪು ನೆಲದ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ಅಳಿಸಿದವಳು ತಾನೆಂಬುದನ್ನೂ, ಅದನ್ನು ಅಪ್ಪ ತನ್ನ ತಲೆಗೆ ಕಟ್ಟಿಕೊಂಡದ್ದನ್ನೂ ಬಿಡಲಿಲ್ಲ. ಎಂಜಿನಿಯರ್ ಕೇಳಿಸಿಕೊಂಡು, ಪಟ್ಟಿ ಹಾಕಿಸಿದರು. ನಾಲ್ಕು ದಿನದ ಬಳಿಕ ಮೇಡಂ ಅವಳನ್ನು ಕರೆದು, ಇನ್ನು ಬರುವುದು ಬೇಡ ಎಂದರು. ದನಿ ಏರಿಸದೆ, ನಿಮ್ಮಪ್ಪನಿಗೆ ಕೆಲಸ ಕೊಟ್ಟವಳು ನಾನು ಎಂದೂ ಹೇಳಿದರು. ಅದು ಸುಳ್ಳೂ ಅಲ್ಲ.

ಮನೆಗೆ ಬಂದು ಹೇಳಿದಾಗ ಅಪ್ಪ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದ.

"ಎಷ್ಟಡಿಗೆ ಹಾಕಿದ್ರು?"

"ನಾಲ್ಕು ಅಡಿಗೆ."

"ಆಯ್ತು ಬಿಡು."

ಈಗ ಅವಳು ಮನೆಯಲ್ಲೇ ಕೂತು ಅಡುಗೆಮನೆಯ ಕಪಾಟು ಮಾಡುವವರಿಗೆ ಚಿತ್ರ ಮಾಡಿಕೊಡುತ್ತಾಳೆ. ಎಲ್ಲದಕ್ಕೂ ಟೈಲ್ಸ್ ನೆಲ. ಅವಳನ್ನು ನೆಲದಕ್ಕ ಎನ್ನುವವರು ಯಾರೂ ಇಲ್ಲ.

ಕಳೆದ ತಿಂಗಳು ಒಂದು ಮಧ್ಯಾಹ್ನ ಅಪ್ಪ ತಾನಾಗಿಯೇ ಶರ್ಟು ಹಾಕಿಕೊಂಡು ಬಂದು, ತಮ್ಮನ ಗೇಟಿಗೆ ಕರೆದುಕೊಂಡು ಹೋಗು ಎಂದ. ಆಟೊ ಇಳಿದು ಅಪ್ಪ ಮಂಡಿ ಹಿಡಿದುಕೊಂಡು ನಿಂತ. ಚಿಕ್ಕಪ್ಪ ಗೂಡಿನಂಥ ಕೋಣೆಯಿಂದ ಹೊರಬಂದು, ಬಂದವರ ಹೆಸರು ಬರೆಯುವ ಪುಸ್ತಕ ತೆರೆದ. ಮುಖ ಎತ್ತಲಿಲ್ಲ.

"ಯಾರನ್ನ ನೋಡಬೇಕು?"

"ನಿನ್ನನ್ನೇ ಕಣೋ," ಎಂದ ಅಪ್ಪ.

"ಡ್ಯೂಟಿ ಮೇಲಿದೀನಿ. ಮಾತಾಡೋ ಹಾಗಿಲ್ಲ."

ಅಪ್ಪ ತಲೆಯಾಡಿಸಿದ. ಡ್ಯೂಟಿ ಮುಗಿಯುವವರೆಗೆ ಕಾಯುತ್ತೇನೆಂದು ಎದುರಿನ ಮೋಟುಗೋಡೆಯ ಮೇಲೆ ಕೂತ. ಅವಳೂ ಕೂತಳು. ಕಾರುಗಳು ಬಂದವು, ಹೋದವು. ಪ್ರತಿ ಸಲವೂ ಚಿಕ್ಕಪ್ಪ ಗೇಟು ಎಳೆದು ಸೆಲ್ಯೂಟ್ ಹೊಡೆಯುತ್ತಿದ್ದ. ಅಪ್ಪ ಪ್ರತಿ ಸಲವೂ ಕಣ್ಣು ತಗ್ಗಿಸುತ್ತಿದ್ದ. ಐದು ಗಂಟೆಗೆ ಬೇರೊಬ್ಬ ವಾಚ್‌ಮನ್ ಬಂದು ಕೂತ. ಚಿಕ್ಕಪ್ಪ ಬರಲಿಲ್ಲ. ವಿಚಾರಿಸಿದರೆ, ಹಿಂದಿನ ಗೇಟಿನಿಂದ ಆಗಲೇ ಹೋದರಲ್ಲ ಎಂದ ಹೊಸಬ.

ವಾಪಸು ಬರುವಾಗ ಆಟೊದಲ್ಲಿ ಅಪ್ಪ ತುಂಬ ಹೊತ್ತು ಹೊರಗೇ ನೋಡುತ್ತಿದ್ದ. ಅವನು ಅಳುತ್ತಿರಬಹುದೆಂದು ಅವಳು ಆ ಕಡೆ ತಿರುಗಲಿಲ್ಲ.

"ಕಾಲು ಊದಿದೆ ಅವನಿಗೆ," ಎಂದ ಅಪ್ಪ ಕೊನೆಗೆ. "ನೋಡಿದ್ಯಾ? ಬೂಟಿನ ದಾರ ಪೂರ್ತಿ ಕಟ್ಟೋಕೇ ಆಗಿಲ್ಲ. ಕೂತು ಕೆಲಸ ಮಾಡಿದ ಮನುಷ್ಯ ಅವನು. ನಿಂತು ಅಭ್ಯಾಸ ಇಲ್ಲ."